ಬಚ್ಚಲುಮನೆ ಚಿಲಕ

ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಮಳೆ ಹಿಡಿದು ಎಂಟು ದಿನವಾಗಿತ್ತು. ಅವತ್ತು ಬೆಳಿಗ್ಗೆ ಸ್ವಲ್ಪ ಹೊಳವಾಗಿದ್ದೇ ತಡ, ದೊಡ್ಡವರೆಲ್ಲ ಅಡಿಕೆಗೆ ಮೈಲುತುತ್ತು ಹೊಡೆಸಲು ತೋಟಕ್ಕೆ ಹೋದರು. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು 7 ವರ್ಷದ ಚಿನ್ನು.

ಚಿನ್ನು ಮಿಂದು, ಫ್ರಾಕು ಹಾಕಿಕೊಂಡು, ಚಿಲಕ ಎಳೆದಳು. ಬರಲಿಲ್ಲ.

ಬೆಂಗಳೂರಿನ ಮನೆಯಲ್ಲಿ ಗುಬುಟು ತಿರುಗಿಸಿದರೆ ಆಯಿತು, ಬಾಗಿಲು ತೆರೆಯುತ್ತದೆ. ಇಲ್ಲಿ ಬೆರಳು ದಪ್ಪದ ಕಬ್ಬಿಣದ ಸರಳು. ಹಾಕುವಾಗಲೇ ಬಿಗಿಯಾಗಿತ್ತು. ಅಂಗೈಯಲ್ಲಿ ಗುದ್ದಿ ಗುದ್ದಿ ಹಾಕಿದ್ದಳು.

"ಅಜ್ಜೀ!"

ಅಜ್ಜಿ ಮಂಡಿ ಹಿಡಿದುಕೊಂಡು ಬಂದರು. ಹೊರಗಿನಿಂದ ಬಾಗಿಲು ದೂಡಿದರು. ಇನ್ನೂ ಜೋರಾಗಿ ದೂಡಿದರು. ಬಾಗಿಲು ಕಿರ್ರ್ ಅಂದಿತೇ ಹೊರತು ಅಲುಗಲಿಲ್ಲ.

ಆಗ ಚಿನ್ನುಗೆ ನಿಜವಾಗಿ ಭಯವಾಯಿತು. ಅಳುವುದಕ್ಕೆ ಬಾಯಿ ತೆರೆದಳು. ಹಂಡೆ ಒಲೆಯ ಹೊಗೆ ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮುತ್ತಾ ಅಳುವುದು ಕಷ್ಟ. ಬೇಕಿದ್ದರೆ ಮಾಡಿ ನೋಡಿ.

"ಹೆದರಬೇಡ ಮಗಾ, ನಾನು ಇಲ್ಲೇ ಇದ್ದೇನೆ. ಚಿಲಕದ ಕಿವಿ ಎಲ್ಲಿದೆ ನೋಡು."

"ಕಿವಿ ಅಂದ್ರೆ?"

"ಹಿಡಿದು ಎಳೀಲಿಕ್ಕೆ ಒಂದು ಮೊಳೆ ಹಾಗೆ ಇರ್ತದಲ್ಲ, ಅದು. ಕೆಳಗೆ ಮಲಗಿದ್ದರೆ ಮೊದಲು ಮೇಲೆತ್ತಬೇಕು. ಆಮೇಲೆ ಎಳೀಬೇಕು."

ಮೇಲೆ ಗಾಜಿನ ಹಂಚಿನಿಂದ ಬೆಳಕು ಸರಿಯಾಗಿ ಬಾಗಿಲ ಮೇಲೇ ಬೀಳುತ್ತಿತ್ತು. ಕಿವಿ ಒಂದು ಸಣ್ಣ ಕಚ್ಚಿನೊಳಗೆ ಮಲಗಿತ್ತು. ಅದು ಅಲ್ಲಿ ಮಲಗಿರುವಷ್ಟು ಹೊತ್ತು ಎಷ್ಟು ಎಳೆದರೂ ಸರಳು ಹಿಂದೆ ಬರುವ ಹಾಗೇ ಇಲ್ಲ. ಚಿನ್ನು ಎತ್ತಿದಳು. ಎಳೆದಳು. ಸರಳು ಅಕ್ಕಿಕಾಳಿನಷ್ಟು ಬಂದು ನಿಂತಿತು.

"ಬಂತು! ಅಯ್ಯೋ, ಇಲ್ಲ, ನಿಂತುಬಿಡ್ತು."

"ಸೋಪು ಸವರು."

ಸವರಿದಳು. ಸರಳಿನ ಜೊತೆ ಬೆರಳೂ ಜಾರಲು ಶುರುವಾಯಿತು. ಫ್ರಾಕಿಗೆ ಒರೆಸಿಕೊಂಡಳು. ಈಗ ಅಳು ಮರೆತೇಹೋಗಿತ್ತು. ಮೂಗು ಚಿಲಕಕ್ಕೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಸರಳಿನ ತುದಿ ದಾರಂದದ ತೂತಿನೊಳಗೆ ಹೋಗಿದೆ. ತೂತು ಸರಳಿಗಿಂತ ಸ್ವಲ್ಪ ದೊಡ್ಡದು. ಒಂದು ಬದಿಯಲ್ಲಿ ಕಪ್ಪಗೆ ಸಂದು ಕಾಣುತ್ತದೆ. ಇನ್ನೊಂದು ಬದಿಯಲ್ಲಿ, ಅವಳ ಕಡೆಗೆ, ಸರಳು ಮರಕ್ಕೆ ಕಚ್ಚಿಕೊಂಡಿದೆ.

"ತಡಿ, ಇನ್ನೊಂದು ಸಲ ದೂಡ್ತೇನೆ," ಅಂದರು ಅಜ್ಜಿ.

ಬಾಗಿಲು ಕಿರ್ರ್ ಅಂದಿತು. ಕಪ್ಪು ಸಂದು ಇನ್ನಷ್ಟು ಅಗಲವಾಯಿತು. ಸರಳು ಮರಕ್ಕೆ ಇನ್ನೂ ಒತ್ತಿಕೊಂಡಿತು. ಅಜ್ಜಿ ಕೈ ತೆಗೆದಾಗ ಸಂದು ಮತ್ತೆ ಮೊದಲಿನಷ್ಟಾಯಿತು.

"ಅಜ್ಜಿ, ಇನ್ನೊಂದ್ಸಲ ದೂಡು."

ಅಜ್ಜಿ ದೂಡಿದರು. ಮತ್ತೆ ಅದೇ.

"ಸಾಕು ಅಜ್ಜಿ, ದೂಡ್ಬೇಡ! ನೀನು ದೂಡಿದ್ರೆ ಅದು ಇನ್ನೂ ಕಚ್ಕೊಳ್ಳತ್ತೆ."

ಹೊರಗೆ ಒಂದು ಕ್ಷಣ ಮಾತಿಲ್ಲ. 60 ವರ್ಷದಿಂದ ಆ ಬಾಗಿಲು ಹಾಕಿ ತೆಗೆದು ಮಾಡಿದವರು ಅಜ್ಜಿ. ಪ್ರತಿ ಮಳೆಗಾಲದಲ್ಲೂ ಹಲಗೆ ನೀರು ಕುಡಿದು ಉಬ್ಬುವುದು, ಬಾಗಿಲು ದಾರಂದದಲ್ಲಿ ಸರಿಯಾಗಿ ಕೂರದಿರುವುದು ಅವರಿಗೆ ಹೊಸತಲ್ಲ. ಆದರೆ ಒಳಗೆ ಮೊಮ್ಮಗಳು ಅಳುವಾಗ ಇದೆಲ್ಲ ಯಾರಿಗೆ ನೆನಪಾಗುತ್ತದೆ?

"ಹೌದಲ್ಲ ಮಾರಾಯ್ತಿ. ಹಾಗಾದ್ರೆ ಎಂಥ ಮಾಡೋದು?"

"ನಿನ್ನ ಕಡೆ ಎಳಿ. ನಾನು ಇಲ್ಲಿಂದ ಒತ್ತುತೀನಿ."

ಹೊರಗೆ ಬಳೆ ಸದ್ದಾಯಿತು. ಅಜ್ಜಿಯ ಕೈಬಳೆಯೋ ಬಾಗಿಲ ಬಳೆಯೋ ಗೊತ್ತಾಗಲಿಲ್ಲ. ಚಿನ್ನು ಭುಜ ಕೊಟ್ಟು ಬಾಗಿಲು ಒತ್ತಿದಳು. ಕಾಲು ಒದ್ದೆ ಕಲ್ಲಿನ ಮೇಲೆ ಜಾರಿತು. ಹೆಬ್ಬೆರಳು ಊರಿ ನಿಂತು ಮತ್ತೆ ಒತ್ತಿದಳು. ಕಪ್ಪು ಸಂದು ಸಣ್ಣದಾಗುತ್ತಾ ಬಂತು. ಸರಳಿನ ಎರಡೂ ಬದಿಗೆ ಕೂದಲೆಳೆಯಷ್ಟು ಜಾಗ ಸಿಕ್ಕಿತು. ಆಗ ಕಿವಿ ಹಿಡಿದು ಎಳೆದಳು. ಜೋರಾಗಿ ಏನಲ್ಲ, ಸುಮ್ನೆ.

ಟಕ್.

ಅಜ್ಜಿ ಒಳಗೆ ಬಂದವರೇ ಅವಳ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದರು. ಸೆರಗಿನಲ್ಲಿ ಮುಖ ಒರೆಸಿದರು. "ಇವತ್ತೇ ಆ ಹಾಳು ಚಿಲಕಕ್ಕೆ ಎಣ್ಣೆ ಬಿಡ್ತೇನೆ. ನೀನು ಬಾ, ದೋಸೆ ತಿನ್ನು," ಅಂದರು.

ಚಿನ್ನು ಬರಲಿಲ್ಲ. ತೆರೆದ ಬಾಗಿಲಿನಲ್ಲೇ ಚಿಲಕ ಹಾಕಿದಳು. ತೆಗೆದಳು. ಗಾಳಿಯಲ್ಲಿ ಅದು ಎಷ್ಟು ಸಲೀಸಾಗಿ ಓಡಾಡುತ್ತದೆ! ಬಾಗಿಲಿಗೆ ಮೊಳೆ ಹೊಡೆದ ಎರಡು ಪಟ್ಟಿಗಳ ಒಳಗೆ ಹೋಗುವುದು, ಬರುವುದು, ಅಷ್ಟೆ. ತೂತಿನೊಳಗೆ ಬೆರಳು ಹಾಕಿ ನೋಡಿದಳು. ಅವಳ ಕಡೆಯ ಅಂಚು ಸವೆದು ನುಣ್ಣಗಾಗಿತ್ತು.

ಅಜ್ಜಿ ಅಡಿಗೆಮನೆಯಿಂದ ಎಣ್ಣೆ ಗಿಂಡಿ ತರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಒಳಗೆ ಟಕ್ ಅಂತ ಸದ್ದು.

"ಚಿನ್ನೂ! ಮತ್ತೆ ಹಾಕಿಕೊಂಡೆಯಾ?"

"ದೂಡ್ಬೇಡ ಅಜ್ಜಿ," ಅಂದಳು ಒಳಗಿನಿಂದ. "ಸುಮ್ನೆ ಹಿಡ್ಕೊಂಡಿರು."