ಕಾಫಿ ಡ್ರೈಯರ್‌ಗೆ ₹3.2 ಕೋಟಿ ಹೂಡಿಕೆ: ಯಾರಿಗೆ ಕೃತಜ್ಞತೆ, ಯಾವುದಕ್ಕೆ ಖರ್ಚು

ಸಣ್ಣ ಕಾಫಿ ಬೆಳೆಗಾರರಿಗಾಗಿ ನಾವು ತಯಾರಿಸುತ್ತಿರುವ ಸೌದೆ ಡ್ರೈಯರ್‌ಗೆ ₹3.2 ಕೋಟಿ ಸೀಡ್ ಬಂಡವಾಳ ಸಿಕ್ಕಿದೆ. ಬೆಂಗಳೂರಿನ ಒಂದು ಕೃಷಿ ಹೂಡಿಕೆ ನಿಧಿಯಿಂದ ₹2.4 ಕೋಟಿ, 11 ಮಂದಿ ಬಿಡಿ ಹೂಡಿಕೆದಾರರಿಂದ ₹80 ಲಕ್ಷ ಬಂದಿದೆ. ಎಲ್ಲರನ್ನೂ ಚಿತ್ರದಲ್ಲಿ ಟ್ಯಾಗ್ ಮಾಡಿದ್ದೇವೆ.

ಈ 11 ಮಂದಿಯಲ್ಲಿ ನಾಲ್ವರು ಕೊಡಗು ಮತ್ತು ಚಿಕ್ಕಮಗಳೂರಿನ ಬೆಳೆಗಾರರು. ಹಣ ಕೊಡುವ ಮೊದಲೇ ಅವರು ತಮ್ಮ ಕಣದ ಒಂದು ಮೂಲೆಯನ್ನೂ ಕೊಯ್ಲಿನ ಕಾಫಿಯನ್ನೂ ನಮ್ಮ ಪ್ರಯೋಗಕ್ಕೆ ಬಿಟ್ಟುಕೊಟ್ಟವರು. ನಿಧಿಯವರು ಒಂದು ಇಡೀ ಹಂಗಾಮಿನ ತೇವಾಂಶದ ದಾಖಲೆ ನೋಡಿ ಆಮೇಲೆ ಸಹಿ ಹಾಕಿದರು. ಹಾಗೆ ಕಾದು ಪರಿಶೀಲಿಸಿದ್ದಕ್ಕೆ ಅವರಿಗೆ ವಿಶೇಷ ಕೃತಜ್ಞತೆ. ಡ್ರಾಯಿಂಗ್ ಹತ್ತು ಸಲ ಬದಲಾದರೂ ಬೇಸರಿಸದೆ ಶೀಟ್ ಮೆಟಲ್ ಕೆಲಸ ಮಾಡಿಕೊಟ್ಟ ಹಾಸನದ ವರ್ಕ್‌ಶಾಪ್‌ನವರನ್ನೂ ಮರೆಯುವಂತಿಲ್ಲ.

ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಕರ್ನಾಟಕದಲ್ಲಿ. ಬೆಳೆಗಾರರಲ್ಲಿ ಬಹುಪಾಲು 25 ಎಕರೆಗಿಂತ ಕಡಿಮೆ ಇರುವವರು. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದ ಬೀಜವೇ ಪಾರ್ಚ್‌ಮೆಂಟ್. ಅದು ಕಣದಲ್ಲಿ ಒಣಗಲು ಒಳ್ಳೆಯ ಬಿಸಿಲಿದ್ದರೆ 7ರಿಂದ 10 ದಿನ ಬೇಕು. ಡಿಸೆಂಬರ್‌ನಲ್ಲಿ ಮೋಡ ಕಟ್ಟಿ ಮಳೆ ಬಂದರೆ ಟಾರ್ಪಾಲು ಹೊದಿಸಿಟ್ಟ ರಾಶಿ ಒಳಗೊಳಗೇ ಬಿಸಿಯಾಗಿ ಮುಗ್ಗುತ್ತದೆ. ಒಮ್ಮೆ ಮುಗ್ಗಿನ ವಾಸನೆ ಹಿಡಿದ ಬೀಜವನ್ನು ಮತ್ತೆ ಎಷ್ಟು ಒಣಗಿಸಿದರೂ ಕಪ್‌ನಲ್ಲಿ ಅದು ಹೋಗುವುದಿಲ್ಲ.

ನಮ್ಮ ಯಂತ್ರಕ್ಕೆ ಒಂದು ಸಲಕ್ಕೆ 500 ಕೆ.ಜಿ. ಹಸಿ ಪಾರ್ಚ್‌ಮೆಂಟ್ ಹಾಕಬಹುದು. 52% ತೇವಾಂಶದಿಂದ 11%ಕ್ಕೆ ಇಳಿಸಿದಾಗ ಸುಮಾರು 230 ಕೆ.ಜಿ. ನೀರು ಹೋಗಿ 270 ಕೆ.ಜಿ. ಒಣ ಪಾರ್ಚ್‌ಮೆಂಟ್ ಉಳಿಯುತ್ತದೆ. ಇದಕ್ಕೆ 26 ಗಂಟೆ ಮತ್ತು 105 ಕೆ.ಜಿ. ಒಣ ಸೌದೆ ಬೇಕು. ತೋಟದಲ್ಲೇ ಸಿಗುವ ಸಿಲ್ವರ್ ಓಕ್ ಕೊಂಬೆ ಸಾಕು. ಬ್ಲೋವರ್ 2 ಎಚ್‌.ಪಿ., ಸಿಂಗಲ್ ಫೇಸ್. ಸೌದೆ ಕೆ.ಜಿ.ಗೆ ₹5, ವಿದ್ಯುತ್ ಯೂನಿಟ್‌ಗೆ ₹8 ಎಂದು ಹಿಡಿದರೆ 50 ಕೆ.ಜಿ. ಚೀಲಕ್ಕೆ ಸುಮಾರು ₹155. ಕೂಲಿ ಇದರಲ್ಲಿ ಸೇರಿಲ್ಲ.

ಹೊಗೆ ಕಾಫಿಗೆ ತಾಗಬಾರದು. ಆದ್ದರಿಂದ ಬೆಂಕಿಯ ಹೊಗೆ ಕೊಳವೆಯೊಳಗೆ ಹೋಗುತ್ತದೆ, ಕೊಳವೆಯ ಹೊರಗಿನ ಶುದ್ಧ ಗಾಳಿ ಮಾತ್ರ ಬಿಸಿಯಾಗಿ ಬೀಜಕ್ಕೆ ಬರುತ್ತದೆ. ಬೀಜದ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಅವಸರಕ್ಕೆ ಶಾಖ ಏರಿಸಿದರೆ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಮೀಟರ್ 11 ತೋರಿಸಿದ ಕಾಫಿ ಚೀಲದಲ್ಲಿ ಎರಡು ದಿನ ಇದ್ದ ಮೇಲೆ 13 ತೋರಿಸುವುದು ಇದೇ ಕಾರಣಕ್ಕೆ. ಹಾಗೆಂದು 9%ಕ್ಕಿಂತ ಕೆಳಗೆ ಒಣಗಿಸಿದರೆ ತೂಕ ನಷ್ಟ, ಹಲ್ಲಿಂಗ್‌ನಲ್ಲಿ ಬೀಜವೂ ಒಡೆಯುತ್ತದೆ. ಇನ್ನೊಂದು ತೊಂದರೆ ಕೆಳಪದರ ಒಣಗಿ ಮೇಲ್ಪದರ ಹಸಿಯಾಗಿ ಉಳಿಯುವುದು. ಅದಕ್ಕೆ ಪ್ರತಿ 2 ಗಂಟೆಗೆ ಗಾಳಿಯ ದಿಕ್ಕು ತಿರುಗಿಸುವ ಹಿಡಿಕೆ ಇದೆ. ಕರೆಂಟ್ ಹೋದರೆ ಒಂದು ಬಾಗಿಲು ತಾನಾಗಿ ಬಿದ್ದು ಶಾಖವನ್ನು ಚಿಮಣಿಗೆ ಬಿಡುತ್ತದೆ.

ಚೆರ್ರಿ ಮಾತ್ರ ಒಣಗಿಸುವವರಿಗೆ ಈ ಯಂತ್ರ ಸದ್ಯಕ್ಕೆ ಲಾಭದ್ದಲ್ಲ. ಇಡೀ ಹಣ್ಣು ಒಣಗಲು ಮೂರು ದಿನಕ್ಕೂ ಹೆಚ್ಚು ಬೇಕು, ಸೌದೆಯೂ ವಿಪರೀತ. ಕಣದಲ್ಲಿ 25%ವರೆಗೆ ಒಣಗಿಸಿ, ಮಳೆ ಬರುವಂತಿದ್ದರೆ ಉಳಿದದ್ದನ್ನು ಇದರಲ್ಲಿ ಮುಗಿಸಬಹುದು, ಅಷ್ಟೆ.

ಹಣದಲ್ಲಿ ₹1.2 ಕೋಟಿ ನವೆಂಬರ್ ಕೊನೆಯೊಳಗೆ 35 ಡ್ರೈಯರ್ ತಯಾರಿಸಲು. ₹70 ಲಕ್ಷ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಯಲ್ಲಿ ಬಿಡಿಭಾಗ ಮತ್ತು ಮೆಕ್ಯಾನಿಕ್‌ಗಳಿಗೆ. ಕೊಯ್ಲಿನ ಮಧ್ಯೆ ಬ್ಲೋವರ್ ಬೇರಿಂಗ್ ಹೋಗಿ ಎರಡು ದಿನ ನಿಂತರೆ ಯಂತ್ರ ಇದ್ದೂ ಇಲ್ಲದಂತೆ, ಹಾಗಾಗಿ ಈ ಬಾಬ್ತಿನಲ್ಲಿ ಕೈ ಬಿಗಿ ಹಿಡಿದಿಲ್ಲ. ₹60 ಲಕ್ಷ ಸೌದೆ ಖರ್ಚು ಇಳಿಸುವ ಪ್ರಯೋಗಕ್ಕೆ, ಮುಖ್ಯವಾಗಿ ಹೊರಹೋಗುವ ಬಿಸಿ ಗಾಳಿಯ ಮರುಬಳಕೆಗೆ. ಉಳಿದ ₹70 ಲಕ್ಷ ಸಂಬಳ ಮತ್ತು ಮೀಸಲು. ಇದು 18 ತಿಂಗಳಿಗೆ ಸಾಲಬೇಕು. ಮೆಣಸು, ಅಡಿಕೆ, ಏಲಕ್ಕಿಗೆ ಯಂತ್ರ ಮಾಡಿ ಎಂದು ಕೇಳಿದವರಿದ್ದಾರೆ. ಮುಂದಿನ ಎರಡು ಹಂಗಾಮು ಕಾಫಿ ಬಿಟ್ಟು ಬೇರೆಯದಕ್ಕೆ ಕೈ ಹಾಕುವುದಿಲ್ಲ.

ಒಂದು ಡ್ರೈಯರ್‌ನ ಬೆಲೆ ₹3.9 ಲಕ್ಷ, ಜಿ.ಎಸ್‌.ಟಿ. ಪ್ರತ್ಯೇಕ. 5 ಎಕರೆಯವರು ಒಬ್ಬರೇ ಕೊಳ್ಳುವುದು ಬೇಡ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಕೊಂಡರೆ ಕೊಯ್ಲಿನ ದಿನ ಹೊಂದಿಸಿಕೊಂಡು ಬಳಸಬಹುದು. ಅಂಥ ಗುಂಪುಗಳಿಗೆ ಮೊದಲ 35ರಲ್ಲಿ 20 ಯಂತ್ರ ಮೀಸಲು. ಬುಕ್ಕಿಂಗ್ ಆಗಸ್ಟ್ 31ರವರೆಗೆ, ಮುಂಗಡ ₹25,000. ಡಿಸೆಂಬರ್ 10ರೊಳಗೆ ಯಂತ್ರ ತೋಟಕ್ಕೆ ಬಾರದಿದ್ದರೆ ಮುಂಗಡ ಪೂರ್ತಿ ವಾಪಸ್. ಮೆಸೇಜ್ ಮಾಡುವಾಗ ಊರು, ಎಕರೆ, ಅರೇಬಿಕಾನೋ ರೋಬಸ್ಟಾನೋ, ಪಲ್ಪರ್ ಇದೆಯೋ ಇಲ್ಲವೋ, ಈ ನಾಲ್ಕು ವಿಷಯ ಬರೆಯಿರಿ.