ಮೈಸೂರು 30×40 ಸೈಟಿನ ಮನೆ: ಮೊದಲ ಮಾತುಕತೆಯ ಸಾರಾಂಶ

ರೆಕಾರ್ಡಿಂಗ್ 1 ಗಂಟೆ 12 ನಿಮಿಷ. ಮಾತಾಡಿದವರು ಅಜ್ಜಿ (74), ಯಜಮಾನರು, ಅವರ ಪತ್ನಿ, ಪಿಯುಸಿ ಓದುವ ಮಗಳು. ಒಬ್ಬರು ಬಾಯಿಬಿಟ್ಟು ಹೇಳಿ ಉಳಿದವರು ಒಪ್ಪಿದ್ದನ್ನು ಮಾತ್ರ "ತೀರ್ಮಾನ" ಎಂದು ಬರೆದಿದೆ. "ನೋಡೋಣ ಬಿಡಿ" ಅಂದದ್ದನ್ನು ಒಪ್ಪಿಗೆಯ ಲೆಕ್ಕಕ್ಕೆ ಹಿಡಿದಿಲ್ಲ.

ತೀರ್ಮಾನವಾದದ್ದು

ಪೂರ್ವ ದಿಕ್ಕಿನ ಸೈಟು, ಎರಡು ಮಹಡಿ ಸೇರಿ 1,600 ಚದರಡಿ. ಅಜ್ಜಿಗೆ ಮಂಡಿನೋವು, ಅವರ ಕೋಣೆ ಕೆಳಗೇ ಇರಬೇಕು. ಕೋಣೆಗೆ ಹೊಂದಿಕೊಂಡೇ ಬಚ್ಚಲು, ಹೊಸ್ತಿಲಿಲ್ಲದ 3 ಅಡಿ ಬಾಗಿಲು, ಜಾರದ ಟೈಲ್ಸ್, ಕಮೋಡ್ ಪಕ್ಕ ಹಿಡಿಕೆ. "ರಾತ್ರಿ ಎದ್ರೆ ಲೈಟ್ ಸ್ವಿಚ್ ಮಂಚದ ಮೇಲಿಂದ್ಲೇ ಕೈಗೆ ಸಿಗ್ಬೇಕು" (14:20) ಎಂದು ಅಜ್ಜಿ ಎರಡು ಸಲ ಹೇಳಿದ್ದಾರೆ. ಎಲೆಕ್ಟ್ರಿಕಲ್ ಡ್ರಾಯಿಂಗ್‌ನಲ್ಲಿ ಮರೆಯಬಾರದು.

ಅಡುಗೆಮನೆಗೆ ಅಂಟಿಕೊಂಡು ಯುಟಿಲಿಟಿ, ಅಲ್ಲೇ ಬಟ್ಟೆ ಒಗೆಯುವ ಕಲ್ಲು. ದೇವರ ಮನೆ 4×4 ಅಡಿ, ಈಶಾನ್ಯದಲ್ಲಿ. ಸಂಪ್ 8,000 ಲೀಟರ್. ಅದು ಕಾರು ನಿಲ್ಲುವ ಜಾಗದ ಕೆಳಗೆ ಬರುವುದರಿಂದ, ಮೇಲಿನ ಸ್ಲ್ಯಾಬನ್ನು ಕಾರಿನ ಭಾರಕ್ಕೆ ಲೆಕ್ಕ ಹಾಕಿಸಬೇಕು. ಮುಚ್ಚಳ ಚಕ್ರ ಓಡುವ ದಾರಿಯಲ್ಲಿ ಬೀಳದಂತೆ ನೋಡಬೇಕು.

ಹಣ

ಸಾಲ 30 ಲಕ್ಷ, ಕೈಯಲ್ಲಿ 12 ಲಕ್ಷ. "42 ದಾಟಲೇಬಾರದು" (33:05).

ಕಟ್ಟಡ ಚದರಡಿಗೆ 2,100 ರೂ.ನಂತೆ 33.6 ಲಕ್ಷ, ಸಂಪ್, ಕಾಂಪೌಂಡ್, ಅನುಮೋದನೆ 3 ಲಕ್ಷ, ಕಿಚನ್ ಮತ್ತು ವಾರ್ಡ್‌ರೋಬ್ 4.5 ಲಕ್ಷ. ಒಟ್ಟು 41.1. ಕಟ್ಟಡದ ಮೊತ್ತಕ್ಕೆ ಶೇ 5 ಆಪದ್ಧನ ಸೇರಿಸಿದರೆ 42.78 ಆಗಿ, ಮಿತಿಯನ್ನು 78 ಸಾವಿರ ಮೀರುತ್ತದೆ. ಆಪದ್ಧನಕ್ಕೆ ಕೈ ಹಾಕಬಾರದು: ಪಾಯ ಅಗೆದಾಗ ಬಂಡೆ ಸಿಕ್ಕರೆ ಅದೇ ದುಡ್ಡು ಬೇಕಾಗುತ್ತದೆ. 40 ಚದರಡಿ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಮನೆಯ ನಕ್ಷೆ ಮಾಡುವ ನಮ್ಮ ಶುಲ್ಕ ಈ ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಸೇರಿಲ್ಲ, ಇದನ್ನು ಈ ಪತ್ರದ ಜೊತೆಗೇ ತಿಳಿಸಬೇಕು.

41:10ರಿಂದ 41:50ರವರೆಗೆ ಕುಕ್ಕರ್ ಸೀಟಿಯಲ್ಲಿ ಮಾತು ಮುಚ್ಚಿಹೋಗಿದೆ. ತಿಂಗಳ ಕಂತು "28" ಸಾವಿರವೋ "38" ಸಾವಿರವೋ ಸ್ಪಷ್ಟವಿಲ್ಲ. ಊಹಿಸಿ ಬರೆದಿಲ್ಲ, ಫೋನ್ ಮಾಡಿ ಕೇಳಬೇಕು.

ಇನ್ನೂ ಬಗೆಹರಿಯದ್ದು

ದೊಡ್ಡದು ಮೆಟ್ಟಿಲು. ಮುಂದೆ ಮೇಲ್ಮಹಡಿ ಬಾಡಿಗೆಗೆ ಕೊಡಬಹುದೆಂದು ಯಜಮಾನರಿಗೆ ಹೊರಗಿನ ಮೆಟ್ಟಿಲು ಬೇಕು. ಮಗಳು ಮೇಲೆ ಒಬ್ಬಳೇ ಮಲಗುತ್ತಾಳೆ, ಬಾಗಿಲು ಒಳಗಿಂದಲೇ ಇರಲಿ ಎನ್ನುತ್ತಾರೆ ಪತ್ನಿ (52:30). ಒಳಮೆಟ್ಟಿಲಾದರೆ 10 ಅಡಿ ಎತ್ತರಕ್ಕೆ 6 ಇಂಚಿನ 20 ಏರು, ಹಾಲ್‌ನಿಂದ ಸುಮಾರು 6.5×10.5 ಅಡಿ ಹೋಗುತ್ತದೆ. ಕೊನೆಗೆ ಪತ್ನಿ "ನೋಡೋಣ" ಅಂದರು. ಅದು ಬಿಟ್ಟುಕೊಟ್ಟ ದನಿಯಲ್ಲ. ಎರಡೂ ಸ್ಕೆಚ್ ಬರೆದು ತೋರಿಸುವುದು.

ತನ್ನ ಕೋಣೆಗೆ ಬಾಲ್ಕನಿ ಬೇಕೆಂದು ಮಗಳು ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ, ಬಿಟ್ಟುಹೋಗಬಾರದೆಂದು ಇಲ್ಲಿ ಬರೆದಿದೆ. ನೆಲಕ್ಕೆ ಗ್ರಾನೈಟೋ ವಿಟ್ರಿಫೈಡೋ ಎಂಬುದು ಆಮೇಲೆ ನೋಡಿದರೂ ಆದೀತು. ಮೆಟ್ಟಿಲು ಮಾತ್ರ ಹಾಗಲ್ಲ, ಕಂಬಗಳ ಜಾಗ ಅದರ ಮೇಲೇ ನಿಂತಿದೆ. ಮುಂದಿನ ಶನಿವಾರದೊಳಗೆ ಉತ್ತರ ಬಂದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಡ್ರಾಯಿಂಗ್ ಕೊಡಲಾಗುವುದು.