ಏಳು ರಾತ್ರಿ, ಒಂಬತ್ತು ಗಂಟೆಗೆ

‘ಊಟ ಆಯ್ತಾ?’ ‘ಆಯ್ತು, ನಿಮ್ಮದು?’ ಎಂಬಲ್ಲೇ ನಮ್ಮ ಮಾತು ನಿಲ್ಲುವುದು ಬೇಡ ಮಾರಾಯ್ರೇ. ಸೋಮವಾರದಿಂದ ಏಳು ದಿನ ಒಂದು ಪಂಥ ಕಟ್ಟುವ. ದಿನಕ್ಕೊಂದೇ ಕೆಲಸ, ರಾತ್ರಿ 9ರಿಂದ 11ರ ಒಳಗೆ. ತಪ್ಪಿದರೆ ಮರುದಿನ ಬೆಳಿಗ್ಗೆ 8ರವರೆಗೆ ಸಮಯ ಉಂಟು. ಅದೂ ದಾಟಿದರೆ ಸೋತವರು ಕುಂಬಳೆಯಲ್ಲಿ ಗೋಳಿಬಜೆ ಕೊಡಿಸಬೇಕು. ‘ಯಾಕೆ ಕಳಿಸಲಿಲ್ಲ?’ ಎಂದು ಯಾರೂ ಕೇಳಬಾರದು. ಕೇಳಿದರೆ ಆಟ ಹೋಗಿ ಹಾಜರಿ ಪುಸ್ತಕ ಆಗ್ತದೆ.

ಸೋಮವಾರ ಹಾಡು. ಬರೀ ಲಿಂಕ್ ಲೆಕ್ಕಕ್ಕಿಲ್ಲ. ಪೂರ್ತಿ ಕೇಳದೆ ‘ಸೂಪರ್’ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಎಷ್ಟನೇ ನಿಮಿಷದಿಂದ ಕೇಳಬೇಕು, ಆ ಅರ್ಧ ನಿಮಿಷದಲ್ಲಿ ಏನು ಇಷ್ಟ ಎಂದು ಒಂದು ಸಾಲು ಬರೆಯಿರಿ.

ಮಂಗಳವಾರ ಫೋಟೋ. ಅದೇ ದಿನ ತೆಗೆದದ್ದು, ಮುಖ ಇಲ್ಲದ್ದು. ಎಲ್ಲಿಯದೆಂದು ನಾನು ಹೇಳಬೇಕು, ಮೂರು ಅವಕಾಶ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಬಾರದಂತೆ ನೋಡಿಕೊಳ್ಳಿ. ನಿಮ್ಮ ಮನೆಯ ಗೇಟೂ ಬೇಡ, ಅಷ್ಟು ಬೇಗ ಅಲ್ಲ.

ಬುಧವಾರ ನನಗೆ ಅತಿ ಇಷ್ಟದ್ದು: 20 ಸೆಕೆಂಡಿನ ವಾಯ್ಸ್. ಸಪ್ತಭಾಷೆಯ ಊರಿನವರು ನಾವು, ಕನ್ನಡದಲ್ಲೇ ಯಾಕೆ ಹೊಗಳಬೇಕು? ನೀವು ತುಳುವಿನಲ್ಲಿ ನನ್ನನ್ನು ಹೊಗಳಿ, ನಾನು ಮಲೆಯಾಳದಲ್ಲಿ ನಿಮ್ಮನ್ನು. ಬರೆದಿಟ್ಟು ಓದಿದರೆ ಗೊತ್ತಾಗಿಬಿಡ್ತದೆ, ತಡವರಿಸಿದರೆ ಹಾಗೇ ಇರಲಿ, ಅದೇ ಚಂದ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಉಸಿರೇ ಕೇಳುವುದು.

ಗುರುವಾರ ಸುಲಭ: ನಿಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು.

ಶುಕ್ರವಾರ ನಿಮ್ಮದೇ ಫೋಟೋ, ಫಿಲ್ಟರ್ ಇಲ್ಲದ್ದು, ಆಫೀಸಿನಿಂದ ಬಂದ ಮುಖವೇ ಆದೀತು. ವಾಟ್ಸಾಪಿನಲ್ಲಿ ಕಳಿಸುವ ಮೊದಲು ‘1’ ಒತ್ತಿದರೆ ಒಂದೇ ಸಲ ತೆರೆಯುತ್ತದೆ. ಇನ್ನೊಂದು ಫೋನಿನಿಂದ ತೆಗೆಯುವುದನ್ನು ಅದು ತಡೆಯುವುದಿಲ್ಲ, ಹಾಗಾಗಿ ಅಮ್ಮ ನೋಡಿದರೂ ಅಡ್ಡಿಯಿಲ್ಲ ಎನ್ನುವ ಫೋಟೋವೇ ಸಾಕು. ಮನಸ್ಸಿಲ್ಲವೆಂದರೆ ಕೈಯ ಬಳೆಯ ಫೋಟೋ ಕಳಿಸಿ, ನಾನು ಸೋತೆನೆಂದೇ ಲೆಕ್ಕ.

ಶನಿವಾರ, ಇಷ್ಟು ದಿನದ ಚಾಟಿನಲ್ಲಿ ಗಮನಿಸಿದ ಒಂದು ವಿಷಯ. ರೂಪದ ಬಗ್ಗೆ ಬೇಡ, ಅದು ಯಾರಿಗೂ ಹೇಳಬಹುದು. ನನ್ನದು ಈಗಲೇ ಸಿದ್ಧ: ನೀವು ಬರೆದು, ಅಳಿಸಿ, ಮತ್ತೆ ಬರೆಯುವಾಗ ಮೇಲೆ ‘ಟೈಪಿಂಗ್’ ಬಂದು ಹೋಗಿ ಆಗ್ತದಲ್ಲ, ಅಳಿಸಿದ್ದು ಏನೆಂದು ತಿಳಿಯದೆ ನಿದ್ದೆ ಬರುವುದಿಲ್ಲ.

ಭಾನುವಾರ 10 ನಿಮಿಷದ ಕರೆ. ಅದರಲ್ಲಿ ಇಬ್ಬರೂ ಭೇಟಿಯಾಗಲು ಒಂದೊಂದು ಜಾಗ ಹೇಳಬೇಕು, ಹಗಲು ಹೊತ್ತು, ಜನ ಇರುವಲ್ಲಿ. ನನ್ನದು ಬೇಕಲ ಕೋಟೆ, ಸಂಜೆ ನಾಲ್ಕಕ್ಕೆ. ಬರಲೇಬೇಕೆಂದಿಲ್ಲ. ಮಧ್ಯದಲ್ಲೇ ಸಾಕೆನಿಸಿದರೆ ‘ನಿಲ್ಲಿಸುವ’ ಎಂದರಾಯಿತು, ಕಾರಣ ಕೇಳುವುದಿಲ್ಲ.

ಒಪ್ಪಿಗೆಯೇ? ಹಾಗಾದರೆ ಸೋಮವಾರದ ಮೊದಲ ಹಾಡು ಯಾರದು, ನಿಮ್ಮದೋ ನನ್ನದೋ ಹೇಳಿ.